ಬೆಂಕಿ, ಚಿಂದಿ, ಗೋಟ್: ಮಗಳ ಕ್ಯಾಪ್ಶನ್ನನ್ನ ಸ್ಕೂಲ್ ಮ್ಯಾಗಜೀನಿಗೆ ತಿದ್ದೋದು ಹೇಗೆ

ಪ್ರಶ್ನೆ: ಸರ್, ನನ್ನ ಮಗಳು ಒಂಬತ್ತನೇ ಕ್ಲಾಸು. ತಾಲ್ಲೂಕು ಖೋ ಖೋ ಫೈನಲ್ ಗೆದ್ದ ದಿನ ಇನ್‌ಸ್ಟಾದಲ್ಲಿ ಹಾಕಿದ ಕ್ಯಾಪ್ಶನ್ ನೋಡಿ ಅವರ ಕನ್ನಡ ಮೇಷ್ಟ್ರು ಇದನ್ನೇ ನೀಟಾಗಿ ಬರ್ಕೊಡು, ಸ್ಕೂಲ್ ಮ್ಯಾಗಜೀನಿಗೆ ಹಾಕೋಣ ಅಂದಿದಾರೆ. ನಾನು ತಿದ್ದಿಕೊಟ್ರೆ "ಅಮ್ಮ ಇದು ನಂದಲ್ಲ" ಅಂತಾಳೆ, ಅವಳೇ ಬರೆದ್ರೆ ಪೂರ್ತಿ ಸ್ಲ್ಯಾಂಗು. ಅವಳು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನ ಕನ್ನಡದಲ್ಲಿ ಬರೀತಿದೀನಿ: "ಫೈನಲ್ಸ್ ಬೆಂಕಿ. ಲಾಸ್ಟ್ 2 ಮಿನಿಟ್ಸ್ ಹಾರ್ಟು ಬಾಯಿಗ್ ಬಂದಿತ್ತು ಮಗಾ, ಫುಲ್ ಟೆನ್ಷನ್. ನಮ್ ಕಡ್ಡಿ ಡೈವ್ ಹೊಡೆದ್ಲು ನೋಡು, ಅಪೋಸಿಟ್ ಟೀಮ್ ಫುಲ್ ಶೇಕ್. ನೋ ಕ್ಯಾಪ್, ಅವ್ಳೇ ಗೋಟ್. ಪಿಟಿ ಸರ್ ರಿಯಾಕ್ಷನ್ ಮಾತ್ರ ಸಕ್ಕತ್. ಹುಡ್ಗೀರು ಚಿಂದಿ ಉಡಾಯ್ಸಿದ್ವಿ. ಡಿಸ್ಟ್ರಿಕ್ಟ್‌ಗೆ ಬರ್ತಿದೀವಿ ಗುರು. ಹ್ಯಾಶ್‌ಟ್ಯಾಗ್ ಮಣ್ಣೇ ಚಿನ್ನ, ಹ್ಯಾಶ್‌ಟ್ಯಾಗ್ ಬಸ್ ವೈಬ್ಸ್." ಎಮೋಜಿ ಬೆಂಕಿದು ಎರಡು, ಮೇಕೆದು ಒಂದು, ಪಿಟಿ ಸರ್ ಪಕ್ಕ ತಲೆಬುರುಡೆ ಒಂದು. ನಾನು ತಿದ್ದಿದ್ದನ್ನೂ ಕಳಿಸ್ತಿದೀನಿ, ಎಲ್ಲಿ ತಪ್ಪಾಯ್ತು ಹೇಳಿ.

ಉತ್ತರ: ಮೇಡಂ, ನಿಮ್ಮ ಪ್ರಶ್ನೆ ಬಂದ ತಕ್ಷಣ ನಾನು ನಿಮಗೇ ಆರು ಪ್ರಶ್ನೆ ವಾಪಸ್ ಕಳಿಸಿ ಮಗಳ ಹತ್ರ ಕೇಳಿ ಬರೀರಿ ಅಂದಿದ್ದೆ, ನೀವು ಎರಡೇ ದಿನದಲ್ಲಿ ಅವಳ ಮಾತಲ್ಲೇ ಉತ್ತರ ಬರೆದು ಕಳಿಸಿದ್ರಿ, ಅದು ತುಂಬಾ ಒಳ್ಳೇದಾಯ್ತು, ಯಾಕಂದ್ರೆ ಆ ಉತ್ತರ ಇಲ್ದೆ ಈ ಕ್ಯಾಪ್ಶನ್ನನ್ನ ಯಾರೂ ತಿದ್ದೋಕಾಗಲ್ಲ, ನಾನೂ ಸೇರಿ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹೈಸ್ಕೂಲಲ್ಲಿ ಕನ್ನಡ ಹೇಳ್ಕೊಟ್ಟು, ವರ್ಷ ವರ್ಷ ಶಾಲೆ ಸಂಚಿಕೆ ತಿದ್ದಿ ನನಗೆ ಗೊತ್ತಾಗಿರೋದು ಏನಂದ್ರೆ ಸ್ಲ್ಯಾಂಗ್ ಪದ ತೆಗೆದು ಆ ಜಾಗಕ್ಕೆ ಒಳ್ಳೆ ಪದ ಕೂರಿಸೋಕೆ ಹೋದಾಗ್ಲೇ ಕೆಡೋದು.

ಮೊದಲು ನಿಮ್ಮ ತಿದ್ದುಪಡಿ ನೋಡೋಣ. ನೀವು ಬರೆದಿದ್ದು ಹೀಗಿತ್ತು: "ಇತ್ತೀಚೆಗೆ ನಡೆದ ತಾಲ್ಲೂಕು ಮಟ್ಟದ ಖೋ ಖೋ ಪಂದ್ಯಾವಳಿಯ ಅಂತಿಮ ಪಂದ್ಯವು ಅತ್ಯಂತ ರೋಮಾಂಚನಕಾರಿಯಾಗಿತ್ತು. ನಮ್ಮ ಶಾಲೆಯ ಆಟಗಾರ್ತಿಯರು ಅಮೋಘ ಪ್ರದರ್ಶನ ನೀಡಿ ಎದುರಾಳಿಗಳನ್ನು ಧೂಳೀಪಟ ಮಾಡಿ ಜಯಭೇರಿ ಬಾರಿಸಿದರು. ದೈಹಿಕ ಶಿಕ್ಷಕರ ಸಂತೋಷಕ್ಕೆ ಪಾರವೇ ಇರಲಿಲ್ಲ. ಇದೊಂದು ಅವಿಸ್ಮರಣೀಯ ಅನುಭವ." ಇದ್ರಲ್ಲಿ ಕಾಗುಣಿತ ತಪ್ಪಿಲ್ಲ, ವ್ಯಾಕರಣ ತಪ್ಪಿಲ್ಲ. ಆದ್ರೆ ಖೋ ಖೋ ಅನ್ನೋ ಜಾಗದಲ್ಲಿ ಕಬಡ್ಡಿ ಅಂತ ಹಾಕಿ ಬೇರೆ ಯಾವ ಊರಿನ ಶಾಲೆಗೆ ಕೊಟ್ರೂ ನಡೆಯುತ್ತೆ. ಮಗಳು ಇದು ನಂದಲ್ಲ ಅಂದಿದ್ದು ಹಠಕ್ಕಲ್ಲ, ಅವಳು ಕಣ್ಣಲ್ಲಿ ಕಂಡಿದ್ದು ಒಂದೂ ಇದ್ರಲ್ಲಿಲ್ಲ. ನೀವು "ಬೆಂಕಿ"ಗೆ ರೋಮಾಂಚನಕಾರಿ, "ಚಿಂದಿ ಉಡಾಯ್ಸಿದ್ವಿ"ಗೆ ಧೂಳೀಪಟ, "ಸಕ್ಕತ್"ಗೆ ಪಾರವೇ ಇರಲಿಲ್ಲ ಅಂತ ಒಂದಕ್ಕೊಂದು ಜೋಡಿ ಹುಡುಕಿದ್ದೀರಿ, ಹಾಗಾಗಿ ಹುಡುಗರ ಸವಕಲು ಪದ ಹೋಗಿ ದೊಡ್ಡವರ ಸವಕಲು ಪದ ಬಂತು ಅಷ್ಟೇ.

ಸ್ಲ್ಯಾಂಗು ಏನು ಮಾಡುತ್ತೆ ಅಂದ್ರೆ ನಡೆದಿದ್ದನ್ನ ಮುಚ್ಚಿಬಿಡುತ್ತೆ. ಕ್ಯಾಪ್ಶನ್ನಲ್ಲಿ ಅದ್ರಿಂದ ತೊಂದ್ರೆ ಇಲ್ಲ, ಮೇಲೆ ಫೋಟೋ ಇರುತ್ತೆ, ಓದೋರೆಲ್ಲ ಅವತ್ತು ಗ್ರೌಂಡಲ್ಲೇ ಇದ್ದೋರು, "ಬೆಂಕಿ" ಅಂದ್ರೆ ಸಾಕು ಅವರಿಗೆ ಪೂರ್ತಿ ಮ್ಯಾಚು ಕಣ್ಮುಂದೆ ಬರುತ್ತೆ. ಮ್ಯಾಗಜೀನ್ ಓದೋರು ಆರನೇ ಕ್ಲಾಸಿನ ಮಗು, ಯಾರದೋ ಅಜ್ಜ, ಹತ್ತು ವರ್ಷ ಆದ್ಮೇಲೆ ಕಪಾಟಿಂದ ತೆಗೆದು ನೋಡೋ ಹಳೇ ವಿದ್ಯಾರ್ಥಿ, ಇವರ್ಯಾರೂ ಅಲ್ಲಿರಲಿಲ್ಲ. ಅದಕ್ಕೇ ನಾನು ಕೇಳಿದ್ದು ಬರೀ ನಡೆದಿದ್ದನ್ನ: ಸ್ಕೋರ್ ಎಷ್ಟು, ಆ ಹುಡುಗಿ ಡೈವ್ ಹೊಡೆದಿದ್ದು ಯಾವಾಗ ಎಲ್ಲಿ, ಪಿಟಿ ಸರ್ ಏನು ಮಾಡಿದ್ರು, ಮಣ್ಣೇ ಚಿನ್ನ ಅಂದ್ರೇನು, ಬಸ್ಸಲ್ಲಿ ಏನಾಯ್ತು, ಜಿಲ್ಲೆಗೆ ಹೋಗಿ ಏನಾಯ್ತು.

ಇದ್ರಲ್ಲಿ ಸ್ಕೋರ್ ಪ್ರಶ್ನೆ ಯಾಕೆ ಮೊದಲು ಕೇಳಿದೆ ಗೊತ್ತಾ, ಕ್ಯಾಪ್ಶನ್ನನ್ನ ನಿಧಾನಕ್ಕೆ ಓದಿದ್ರೆ ಅದ್ರಲ್ಲಿ ಎರಡು ಮಾತು ಒಂದಕ್ಕೊಂದು ಕೂಡಲ್ಲ. ಚಿಂದಿ ಉಡಾಯ್ಸಿದ್ವಿ ಅಂದ್ರೆ ಭಾರೀ ಅಂತರದಲ್ಲಿ ಗೆದ್ವಿ ಅಂತ. ಹಾಗೆ ಗೆದ್ದಿದ್ರೆ ಕೊನೇ ಎರಡು ನಿಮಿಷ ಜೀವ ಬಾಯಿಗೆ ಬರೋ ಪ್ರಮೇಯ ಇಲ್ಲ. ನೀವು ಕಳಿಸಿದ ಉತ್ತರದಲ್ಲಿ 15ಕ್ಕೆ 14 ಅಂತಿತ್ತು, ಅಂದ್ರೆ ಒಂದೇ ಒಂದು ಪಾಯಿಂಟು! ಎರಡು ನಿಮಿಷ ಉಳಿದಾಗ ಇವರು 13, ಅವರು 14, ಚೇಸ್ ಮಾಡ್ತಿರೋದು ಇವರು, ಅಂದ್ರೆ ಎರಡು ಔಟ್ ಆಗ್ಲೇಬೇಕು. ಈಗ "ಧೂಳೀಪಟ" ಅಂತ ಬರೆದ್ರೆ ಅದು ಸುಳ್ಳಾಗುತ್ತೆ, ಮ್ಯಾಗಜೀನ್ ಕೈಗೆ ಬಂದಾಗ ಆ ಸೋತ ಶಾಲೆ ಮಗು ಒಂದು ಓದಿದ್ರೆ ಬೇಜಾರೂ ಆಗುತ್ತೆ. ಹುಡುಗರ ಉತ್ಪ್ರೇಕ್ಷೆ ಮಾತಿಗೆ ಕ್ಯಾಪ್ಶನ್ನಲ್ಲಿ ಲೆಕ್ಕ ಯಾರೂ ಕೇಳಲ್ಲ, ಅಚ್ಚಿನಲ್ಲಿ ಕೇಳ್ತಾರೆ. ಆಮೇಲೆ ನೋಡಿ, 15-14 ಅನ್ನೋದು ಚಿಂದಿಗಿಂತ ಎಷ್ಟು ಜೋರಾಗಿದೆ ಅಂತ.

ಈಗ ಪದ ಪದ ಬಿಡಿಸೋಣ, ಎಲ್ಲ ಸ್ಲ್ಯಾಂಗಿಗೂ ಒಂದೇ ಮದ್ದಲ್ಲ.

ಬೆಂಕಿ, ಸಕ್ಕತ್, ಚಿಂದಿ, ಗೋಟ್, ಇವು ನಾಲ್ಕೂ ಹೊಗಳಿಕೆ ಪದ. ಗೋಟ್ ಅನ್ನೋದು ಎಲ್ಲ ಕಾಲಕ್ಕೂ ಇವರೇ ಶ್ರೇಷ್ಠ ಅನ್ನೋ ಇಂಗ್ಲಿಷ್ ಮಾತಿನ ಮೊದಲ ಅಕ್ಷರಗಳು ಸೇರಿ ಆಗಿರೋದು, ಅದೇ ಸ್ಪೆಲಿಂಗಿಗೆ ಮೇಕೆ ಅಂತ ಅರ್ಥ ಇರೋದ್ರಿಂದ ಮೇಕೆ ಎಮೋಜಿ ಹಾಕ್ತಾರೆ. ಇಂಥ ಪದಕ್ಕೆ ಇನ್ನೊಂದು ಹೊಗಳಿಕೆ ಪದ ಹುಡುಕಬೇಡಿ, ತೆಗೆದೇಬಿಡಿ, ಆ ಜಾಗದಲ್ಲಿ ನಡೆದಿದ್ದನ್ನ ಬರೀರಿ. ಅವಳೇ ಗೋಟ್ ಅಂತ ಮಗಳಿಗೆ ಅನ್ನಿಸಿದ್ದು ಯಾಕೆ? ಓಡ್ತಿದ್ದ ಹುಡುಗಿ ಕಂಬ ಸುತ್ತಿ ಆ ಕಡೆ ದಾಟೋ ಹೊತ್ತಿಗೆ ಇವಳು ಕಂಬದ ಪಕ್ಕದಿಂದ ಮೈ ಚಾಚಿ ಹಾರಿ, ನೆಲಕ್ಕೆ ಬೀಳ್ತಾ ಬೀಳ್ತಾ ಬೆರಳ ತುದಿಯಲ್ಲಿ ಅವಳ ಹಿಮ್ಮಡಿ ಮುಟ್ಟಿದ್ಲು. ಖೋ ಖೋ ಗೊತ್ತಿರೋರಿಗೆ ಇದು ಅರ್ಥ ಆಗುತ್ತೆ, ಎದ್ದು ಬೆನ್ನಟ್ಟೋಳು ಒಂದು ದಿಕ್ಕಿಗೆ ಹೊರಟ ಮೇಲೆ ಕಂಬ ಮುಟ್ಟೋವರೆಗೆ ವಾಪಸ್ ತಿರುಗೋ ಹಾಗಿಲ್ಲ, ಸಾಲಲ್ಲಿ ಕೂತೋರ ಮಧ್ಯೆ ನುಗ್ಗೋ ಹಾಗೂ ಇಲ್ಲ, ಓಡೋರಿಗೆ ಆ ಕಟ್ಟುಪಾಡಿಲ್ಲ, ಹಾಗಾಗಿ ಕಂಬದ ಹತ್ರ ಸಿಗೋದು ಒಂದೇ ಒಂದು ಚಾನ್ಸು. ಗೊತ್ತಿಲ್ದಿರೋರಿಗೂ ಬೆರಳ ತುದಿ, ಹಿಮ್ಮಡಿ ಅಂದ್ರೆ ಸಾಕು, ಚಿತ್ರ ಬರುತ್ತೆ. ಓದಿದವರೇ ಆಗ ಮನಸ್ಸಲ್ಲಿ ಬೆಂಕಿ ಅಂದ್ಕೋತಾರೆ, ನಾವು ಹೇಳಬೇಕಿಲ್ಲ.

"ಹಾರ್ಟು ಬಾಯಿಗ್ ಬಂದಿತ್ತು" ಅನ್ನೋದು ಬೇರೆ ಜಾತಿ. ನೀವು ಇದನ್ನ ಸ್ಲ್ಯಾಂಗ್ ಅಂದ್ಕೊಂಡು ಹೊಡೆದುಹಾಕಿದ್ದೀರಿ, ನನಗೆ ಅಲ್ಲೇ ತುಂಬಾ ಬೇಜಾರಾಗಿದ್ದು. ಇದು ನಮ್ಮ ಹಳೇ ನುಡಿಗಟ್ಟು, ಜೀವ ಬಾಯಿಗೆ ಬಂದಿತ್ತು ಅಂತ ನಮ್ಮಜ್ಜಿನೂ ಅಂತಿದ್ಲು, ಹುಡುಗಿ ಜೀವ ತೆಗೆದು ಹಾರ್ಟು ಹಾಕಿದಾಳೆ ಅಷ್ಟೇ. ವಾಪಸ್ ಜೀವ ಹಾಕಿ, ಅದು ಯಾವ ಮ್ಯಾಗಜೀನಿಗೂ ಸಲ್ಲುತ್ತೆ. ಹುಡುಗರ ಸ್ಲ್ಯಾಂಗು ಅಂತ ನಾವು ಅಂದ್ಕೊಂಡಿರೋದ್ರ ಕೆಳಗೆ ಎಷ್ಟೋ ಸಲ ಇಂಥ ಮನೆ ಮಾತು ಇರುತ್ತೆ, ಒಂದು ಇಂಗ್ಲಿಷ್ ಪದ ಅಂಟಿರೋದ್ರಿಂದ ಕಾಣಲ್ಲ. ಹೊಡೆದುಹಾಕೋಕೆ ಮುಂಚೆ ಇಂಗ್ಲಿಷ್ ಪದ ಒಂದನ್ನೇ ಎತ್ತಿ ನೋಡಿ, ಉಳಿದಿದ್ದು ಒಳ್ಳೆ ಕನ್ನಡ ಇದ್ರೆ ಉಳಿಸ್ಕೊಳ್ಳಿ.

ಮಗಾ, ಗುರು, ನೋಡು, ಇವು ಕರೆಯೋ ಪದ. ಎದುರಿಗೆ ಫ್ರೆಂಡ್ ಇದಾನೆ ಅಂತ ಬಂದಿರೋದು, ಮ್ಯಾಗಜೀನಲ್ಲಿ ಎದುರಿಗೆ ಆ ಫ್ರೆಂಡ್ ಇಲ್ಲ, ಹಾಗಾಗಿ ಸುಮ್ನೆ ತೆಗೆದ್ರೆ ಆಯ್ತು, ಬದಲಿಗೆ "ಓದುಗರೇ" ಅಂತೆಲ್ಲ ಹಾಕೋದು ಬೇಡ. ನೋ ಕ್ಯಾಪ್ ಅಂದ್ರೆ ಸುಳ್ಳಲ್ಲ, ನಿಜವಾಗ್ಲೂ ಅಂತ. ನಡೆದಿದ್ದನ್ನ ವಿವರವಾಗಿ ಬರೆದ ಮೇಲೆ ಅದೂ ಬೇಕಾಗಲ್ಲ.

ಕಡ್ಡಿ ಅನ್ನೋದು ಅಡ್ಡಹೆಸರು, ಇದಕ್ಕೆ ಸ್ವಲ್ಪ ಹೊತ್ತು ಕೊಡ್ಬೇಕು. ಟೀಮಲ್ಲಿ ಅದು ಪ್ರೀತಿಯಿಂದ ಕರೆಯೋ ಹೆಸರೇ ಇರ್ಬಹುದು, ಆದ್ರೆ ಸಣ್ಣಗಿದಾಳೆ ಅಂತ ಮೈ ನೋಡಿ ಇಟ್ಟಿರೋ ಹೆಸರು. ಅಚ್ಚಾದ್ರೆ ಪರಿಚಯ ಇಲ್ಲದ ಏಳುನೂರು ಮಕ್ಕಳು ಕಾರಿಡಾರಲ್ಲಿ ಹಾಗೇ ಕರೆಯೋಕೆ ಶುರು ಮಾಡ್ತಾರೆ. ನಾನು ಮೇಷ್ಟ್ರಾಗಿದ್ದ ಹೊಸದ್ರಲ್ಲಿ ಒಂದು ಸಲ ಇಂಥ ಹೆಸರನ್ನ ಸಂಚಿಕೇಲಿ ಬಿಟ್ಟೆ, ಚೆನ್ನಾಗಿದೆ, ಮಕ್ಕಳ ಮಾತು ಇರ್ಲಿ ಅಂತ. ಆ ಹುಡುಗ ಶಾಲೆ ಮುಗಿಸೋವರೆಗೂ ಆ ಹೆಸರು ಹೋಗ್ಲಿಲ್ಲ, ಅವರಮ್ಮ ಬಂದು ನನ್ನ ಹತ್ರ ಮಾತಾಡಿದ್ದು ಇವತ್ತಿಗೂ ನೆನಪಿದೆ. ಅದಾದ್ಮೇಲೆ ನಾನು ಮೈಬಣ್ಣ, ಮೈಗಾತ್ರ, ಊರು, ಮನೆತನದ ಮೇಲೆ ಬಂದ ಅಡ್ಡಹೆಸರು ಒಂದನ್ನೂ ಬಿಟ್ಟಿಲ್ಲ. ಅವಳ ನಿಜವಾದ ಹೆಸರು ಹಾಕಿ, ಅದೂ ಅವಳನ್ನ ಕೇಳಿ. ಕೆಳಗೆ ನಾನು ಬರೆದು ತೋರಿಸಿರೋದ್ರಲ್ಲಿ "ನನ್ನ ಗೆಳತಿ" ಅಂತ ಇಟ್ಟಿದೀನಿ, ಆ ಜಾಗದಲ್ಲಿ ಹೆಸರು ಬರ್ಲಿ.

ಎಮೋಜಿ, ಹ್ಯಾಶ್‌ಟ್ಯಾಗು ಸುಮ್ನೆ ಅಲಂಕಾರ ಅಂತ ಕಿತ್ತಾಕ್ಬೇಡಿ, ಕೆಲವು ಸಲ ಅಸಲಿ ಸುದ್ದಿ ಅಲ್ಲೇ ಇರುತ್ತೆ. ಪಿಟಿ ಸರ್ ಪಕ್ಕ ತಲೆಬುರುಡೆ ಹಾಕಿದ್ದು ನೋಡಿ ನೀವು ಗಾಬರಿಯಾಗಿದ್ರಿ, ಅವರಿಗೆ ಏನೋ ಕೆಟ್ಟದ್ದು ಹೇಳಿದಾಳೆ ಅಂತ. ಈಗಿನ ಹುಡುಗರ ಲೆಕ್ಕದಲ್ಲಿ ತಲೆಬುರುಡೆ ಅಂದ್ರೆ ನಕ್ಕು ನಕ್ಕು ಸತ್ತೆ ಅಂತ. ಅವಳು ಹೇಳಿದ ಪ್ರಕಾರ ಸರ್ ಪ್ಲಾಸ್ಟಿಕ್ ಕುರ್ಚಿ ಮೇಲೆ ಹತ್ತಿ ನಿಂತು ಕೂಗಿದ್ರು, ಗೆದ್ದ ತಕ್ಷಣ ಇಳಿದು ಆ ಕಡೆ ತಿರುಗಿ ಟವೆಲಲ್ಲಿ ಕಣ್ಣು ಒರೆಸ್ಕೊಂಡ್ರು. ಎರಡನೇ ಭಾಗ ಕ್ಯಾಪ್ಶನ್ನಲ್ಲಿ ಸುಳಿವೇ ಇಲ್ಲ! ಹುಡುಗರು ಫ್ರೆಂಡ್ಸ್ ಮುಂದೆ ಅದನ್ನೆಲ್ಲ ಹೇಳಲ್ಲ, ನಗು ಬಂದಿದ್ದನ್ನ ಮಾತ್ರ ಹೇಳ್ತಾರೆ. ಆದ್ರೂ ಅವಳು ನೋಡಿದಾಳೆ, ಕೇಳಿದ್ದಕ್ಕೆ ಹೇಳಿದಾಳೆ. ಮಣ್ಣೇ ಚಿನ್ನ ಅಂದ್ರೆ ಹಿಂದಿನ ರಾತ್ರಿ ಮಳೆ ಬಂದು ಗ್ರೌಂಡ್ ಕೆಸರಾಗಿತ್ತು, ಬಟ್ಟೆಯೆಲ್ಲ ಕೆಂಪಾಗಿ ಹಾಗೇ ಕಪ್ ತಗೊಂಡ್ರು. ಬಸ್ ವೈಬ್ಸ್ ಅಂದ್ರೆ ವಾಪಸ್ ಬರ್ತಾ ಸರ್ಕಾರಿ ಬಸ್ಸಲ್ಲಿ ಇವರು ಹಾಡ್ತಿದ್ರೆ ಕಂಡಕ್ಟರು ಸೀಟಿ ಊದಿ ತಾಳ ಹಾಕಿದ್ರು. ಇಷ್ಟು ಒಳ್ಳೆ ವಿಷಯ "ವೈಬ್ಸ್" ಅನ್ನೋ ಎರಡಕ್ಷರದಲ್ಲಿ ಮುಚ್ಚಿಹೋಗಿತ್ತು.

ಇನ್ನು "ಡಿಸ್ಟ್ರಿಕ್ಟ್‌ಗೆ ಬರ್ತಿದೀವಿ." ಇಲ್ಲಿ ಭಾಷೆಗಿಂತ ಕಾಲದ ಸಮಸ್ಯೆ ಇದೆ, ಇದನ್ನ ಎಡಿಟರ್ ಆದೋರೂ ಮರೀತಾರೆ. ಕ್ಯಾಪ್ಶನ್ ಹಾಕಿದ್ದು ಗೆದ್ದ ಸಂಜೆ. ಮ್ಯಾಗಜೀನ್ ಬರೋದು ವರ್ಷದ ಕೊನೇಲಿ, ಅಷ್ಟ್ರಲ್ಲಿ ಜಿಲ್ಲಾ ಮಟ್ಟದ್ದು ಮುಗಿದು ಎಲ್ಲರಿಗೂ ಫಲಿತಾಂಶ ಗೊತ್ತಿರುತ್ತೆ, ಬರ್ತಿದೀವಿ ಅಂತಾನೇ ಬಿಟ್ರೆ ಅಚ್ಚಾಗೋ ಹೊತ್ತಿಗೆ ಹಳಸಿರುತ್ತೆ. ಅಲ್ಲಿ ಮೊದಲ ಮ್ಯಾಚಲ್ಲೇ ಸೋತ್ವಿ ಅಂತ ಮಗಳು ಹೇಳಿದಾಳೆ. ನೀವು ಅದನ್ನ ಬಿಟ್ಬಿಡೋಣ್ವಾ ಅಂತ ಕೇಳಿದ್ರಿ, ಬೇಡ, ಒಂದು ಸಾಲು ಬರೀಲಿ. ಬರೀದೆ ಇದ್ರೆ ಓದಿದವರು ಮುಂದೇನಾಯ್ತು ಅಂತ ಕೇಳೇ ಕೇಳ್ತಾರೆ. "ಇವತ್ತು", "ಈಗ ತಾನೆ", "ನಾಳೆ" ಅನ್ನೋ ಪದ ಕ್ಯಾಪ್ಶನ್ನಲ್ಲಿ ಇದ್ರೆ ಅವನ್ನೂ ಹೀಗೇ ತಿಂಗಳು, ಸಂದರ್ಭಕ್ಕೆ ಬದಲಾಯಿಸ್ಬೇಕು.

ಸರಿ, ಇನ್ನು ಕ್ರಿಯಾಪದದ ವಿಷಯ. ಆಡುಮಾತಿನ ರೂಪ ಬರಹದ ರೂಪ ಆಗ್ಬೇಕು, ಅದು ಮ್ಯಾಗಜೀನಿಗೆ ಬೇಕಾಗಿರೋ ನೀಟು: ಹೊಡೆದ್ಲು ಅನ್ನೋದು ಹೊಡೆದಳು, ಇರ್ಲಿಲ್ಲ ಅನ್ನೋದು ಇರಲಿಲ್ಲ, ಹುಡ್ಗೀರು ಅನ್ನೋದು ಹುಡುಗಿಯರು, ಗೆದ್ವಿ ಅನ್ನೋದು ಗೆದ್ದೆವು. ಈ ಕೊನೇದ್ರಲ್ಲಿ ಮಕ್ಕಳು ಒಂದೇ ತಪ್ಪನ್ನ ಮತ್ತೆ ಮತ್ತೆ ಮಾಡ್ತಾರೆ, ಗೆದ್ದೇವು ಅಂತ ದೀರ್ಘ ಎಳೆದುಬಿಡ್ತಾರೆ, ಪುಸ್ತಕದ ಭಾಷೆ ಅಂದ್ರೆ ಎಳೀಬೇಕು ಅನ್ನೋ ಭಾವನೆಯಿಂದ. ಗೆದ್ದೆವು ಅಂದ್ರೆ ಗೆದ್ದಾಯ್ತು, ಗೆದ್ದೇವು ಅಂದ್ರೆ ಗೆಲ್ಲಬಹುದೇನೋ ಅಂತ. ಒಂದು ದೀರ್ಘದಲ್ಲಿ ಕಪ್ಪೇ ಹೋಗುತ್ತೆ. "ಹುಡ್ಗೀರು ಉಡಾಯ್ಸಿದ್ವಿ" ಅನ್ನೋ ಜೋಡಣೆ ಬಾಯಲ್ಲಿ ಸರಿ, ಬರಹದಲ್ಲಿ ಹುಡುಗಿಯರು ಅಂದ್ರೆ ಗೆದ್ದರು, ನಾವು ಅಂದ್ರೆ ಗೆದ್ದೆವು, ಎರಡರಲ್ಲಿ ಒಂದು. ಆಡಿದವಳೇ ಬರೀತಿರೋದ್ರಿಂದ "ನಾವು" ಇರ್ಲಿ, ನೀವು "ಆಟಗಾರ್ತಿಯರು ಬಾರಿಸಿದರು" ಅಂತ ಬರೆದಾಗ ಅವಳನ್ನೇ ಟೀಮಿಂದ ಆಚೆ ಕಳಿಸಿದ ಹಾಗಾಯ್ತು. ಮೊದಲ ಸಾಲಲ್ಲಿ ಗೆದ್ದೆವು ಅಂದು ಐದನೇ ಸಾಲಲ್ಲಿ ಬಂದ್ವಿ ಅನ್ನೋ ಕಲಬೆರಕೆನೂ ಬರಬಾರದು, ಬರೆದಾದ್ಮೇಲೆ ಪ್ರತಿ ವಾಕ್ಯದ ಕೊನೇ ಪದ ಒಂದನ್ನೇ ಸರಸರ ಓದ್ಕೊಂಡು ಹೋದ್ರೆ ಇಂಥದ್ದು ಕಣ್ಣಿಗೆ ಬೀಳುತ್ತೆ.

ಇಂಗ್ಲಿಷ್ ಪದಗಳನ್ನೆಲ್ಲ ಓಡಿಸಬೇಕಾಗಿಲ್ಲ. ನಾನು ಇಟ್ಕೊಂಡಿರೋ ಅಳತೆ ಏನಂದ್ರೆ ಮನೇಲಿ ಅಜ್ಜಿ ಆ ಪದ ಬಳಸ್ತಾರಾ ಅಂತ. ಬಸ್ಸು, ಕಂಡಕ್ಟರು, ಸರ್, ಕಪ್ಪು, ಫೋಟೋ ಬಳಸ್ತಾರೆ, ಇರ್ಲಿ. ಫೈನಲ್ ಅಂತ ಪೇಪರಿನ ಕ್ರೀಡಾಪುಟದಲ್ಲೇ ಬರುತ್ತೆ, ಇರ್ಲಿ, ಆದ್ರೆ ಫೈನಲ್ಸ್, ಮಿನಿಟ್ಸ್ ಅಂತ ಇಂಗ್ಲಿಷಿನ ಬಹುವಚನ ಬೇಡ. ಕನ್ನಡದಲ್ಲಿ ಎರಡು ನಿಮಿಷ ಅಂದ್ರೆ ಸಾಕು, ನಿಮಿಷಗಳು ಅಂತಾನೂ ಬೇಕಿಲ್ಲ. ಅಪೋಸಿಟ್ ಟೀಮಿಗೆ ಎದುರಾಳಿ ತಂಡ ಅನ್ನೋ ಪದ ಮಕ್ಕಳಿಗೂ ಗೊತ್ತು. ಚೇಸಿಂಗಿಗೆ ಬೆನ್ನಟ್ಟೋದು, ಪೋಲಿಗೆ ಕಂಬ, ಇವು ಗ್ರೌಂಡಲ್ಲೇ ಓಡಾಡೋ ಪದ. ಟೆನ್ಷನ್ ಅನ್ನೋದು ಅಜ್ಜಿನೂ ಅಂತಾರೆ, ಆದ್ರೆ ಜೀವ ಬಾಯಿಗೆ ಬಂದಿತ್ತು ಅಂತ ಈಗಾಗ್ಲೇ ಹೇಳಿದ ಮೇಲೆ ಇನ್ನೊಂದು ಸಲ ಬೇಡ. ಶೇಕ್ ಅನ್ನೋದಕ್ಕೆ ಅವಳನ್ನ ಕೇಳಿದಾಗ "ಅವರು ಹಾಗೇ ನಿಂತ್ಬಿಟ್ರು ಅಮ್ಮ" ಅಂದಳಂತೆ, ಅದನ್ನೇ ಹಾಕಿ.

ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿರೋದ್ರಿಂದ ಒಂದು ಅಪಾಯ ಇದೆ. ಆ ಅಕ್ಷರದಲ್ಲಿ ಲ, ಳ ಒಂದೇ, ನ, ಣ ಒಂದೇ, ಹ್ರಸ್ವ ದೀರ್ಘ ಒಂದೇ ಥರ ಕಾಣುತ್ತೆ. ಕಲಿ, ಕಾಳಿ, ಕಳಿ ಮೂರನ್ನೂ ಹುಡುಗರು ಒಂದೇ ಸ್ಪೆಲಿಂಗಲ್ಲಿ ಹೊಡೀತಾರೆ. ವರ್ಷಗಟ್ಲೆ ಹಾಗೇ ಟೈಪ್ ಮಾಡಿದ ಕೈ ಕನ್ನಡ ಲಿಪಿಗೆ ಬಂದಾಗ "ಬೆರಲು", "ಮನ್ನು", "ಕೊಲ್ಲಿ" ಅಂತ ಬರೆದುಬಿಡುತ್ತೆ, ಕೊಳ್ಳಿ ಅನ್ನಬೇಕಾದ ಕಡೆ ಕೊಲ್ಲಿ ಅಂತ ಅಚ್ಚಾಗಿರೋದನ್ನ ನಾನೇ ನೋಡಿದೀನಿ. ಅದಕ್ಕೆ ಟೈಪ್ ಮಾಡಿದ್ದನ್ನ ನೋಡ್ಕೊಂಡು ಕನ್ನಡಕ್ಕೆ ಇಳಿಸೋದು ಬೇಡ, ಫೋನ್ ಪಕ್ಕಕ್ಕಿಟ್ಟು ಅವಳು ಬಾಯಲ್ಲಿ ಹೇಳ್ಲಿ, ಪೆನ್ನು ಹಿಡಿದು ಪೇಪರ್ ಮೇಲೆ ಬರೀಲಿ. ಬಾಯಲ್ಲಿ ಹೇಳಿದಾಗ ಮಣ್ಣು ಮಣ್ಣೇ ಆಗಿರುತ್ತೆ.

ಈಗ ಪೂರ್ತಿ ಬರೆದು ತೋರಿಸ್ತೀನಿ. ಇದ್ರಲ್ಲಿ ಇರೋದೆಲ್ಲ ಅವಳ ಕ್ಯಾಪ್ಶನ್ನಿಂದ ಮತ್ತೆ ನೀವು ಕಳಿಸಿದ ಆರು ಉತ್ತರದಿಂದ ಬಂದಿದ್ದು, ನಾನಾಗಿ ಸೇರಿಸಿದ್ದು ಏನೂ ಇಲ್ಲ.

"ತಾಲ್ಲೂಕು ಖೋ ಖೋ ಫೈನಲ್ ಮುಗಿಯಲು ಇನ್ನು ಎರಡೇ ನಿಮಿಷ ಉಳಿದಿತ್ತು. ಎದುರಾಳಿ ತಂಡ 14 ಅಂಕ, ನಾವು 13. ಬೆನ್ನಟ್ಟುತ್ತಿದ್ದವರು ನಾವು. ಗೆಲ್ಲಬೇಕಾದರೆ ಇಬ್ಬರನ್ನು ಔಟ್ ಮಾಡಬೇಕಿತ್ತು. ಎಲ್ಲರಿಗೂ ಜೀವ ಬಾಯಿಗೆ ಬಂದಿತ್ತು. ಒಬ್ಬಳು ಬೇಗ ಸಿಕ್ಕಳು, ಅಂಕ ಸಮವಾಯಿತು. ಇನ್ನೊಬ್ಬಳು ಸಿಗಲೇ ಇಲ್ಲ. ಅವಳು ಕಂಬ ಸುತ್ತಿ ಆ ಕಡೆಗೆ ದಾಟುತ್ತಿದ್ದಳು. 'ಬಿಡ್ಬೇಡ, ಬೀಳು!' ಎಂದು ಪಿಟಿ ಸರ್ ಕುರ್ಚಿಯ ಮೇಲೆ ನಿಂತು ಕೂಗಿದರು. ನನ್ನ ಗೆಳತಿ ಮೈ ಚಾಚಿ ಹಾರಿದಳು. ನೆಲಕ್ಕೆ ಬೀಳುವಾಗ ಅವಳ ಬೆರಳ ತುದಿ ಓಡುತ್ತಿದ್ದವಳ ಹಿಮ್ಮಡಿಗೆ ತಾಗಿತು. ಎದುರಾಳಿ ತಂಡದವರು ಹಾಗೇ ನಿಂತುಬಿಟ್ಟರು. ನಾವು 15-14ರಿಂದ ಗೆದ್ದೆವು. ಪಿಟಿ ಸರ್ ಕುರ್ಚಿಯಿಂದ ಇಳಿದು ಆ ಕಡೆ ತಿರುಗಿ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಹಿಂದಿನ ರಾತ್ರಿಯ ಮಳೆಗೆ ಮೈದಾನ ಕೆಸರಾಗಿತ್ತು. ಬಟ್ಟೆಗೆ ಮೆತ್ತಿದ ಕೆಂಪು ಮಣ್ಣಿನಲ್ಲೇ ಹೋಗಿ ಕಪ್ ತೆಗೆದುಕೊಂಡೆವು. ಬಸ್ಸಿನಲ್ಲಿ ಊರು ಬರುವವರೆಗೂ ಹಾಡಿದೆವು, ಕಂಡಕ್ಟರ್ ಸೀಟಿ ಊದಿ ತಾಳ ಹಾಕಿದರು. ಜಿಲ್ಲಾ ಮಟ್ಟದಲ್ಲಿ ಮೊದಲ ಪಂದ್ಯದಲ್ಲೇ ಸೋತೆವು. ಆದರೂ ಆ ಮಣ್ಣಾದ ಬಟ್ಟೆಯ ಫೋಟೋವನ್ನೇ ನಾವು ಇಟ್ಟುಕೊಂಡಿದ್ದೇವೆ."

ಇದ್ರಲ್ಲಿ "ಬಿಡ್ಬೇಡ, ಬೀಳು" ಅನ್ನೋದನ್ನ ಬೇಕಂತಲೇ ಆಡುಮಾತಲ್ಲಿ ಬಿಟ್ಟಿದೀನಿ. ಸರ್ ಕೂಗಿದ್ದು ಹಾಗೇ, "ಬಿಡಬೇಡ" ಅಂತ ತಿದ್ದಿದ್ರೆ ಕೂಗೇ ಹೋಗ್ತಿತ್ತು. ಯಾರಾದ್ರೂ ಆಡಿದ ಮಾತನ್ನ ಉದ್ಧರಣ ಚಿಹ್ನೆ ಒಳಗೆ ಹಾಕಿದಾಗ ಅಲ್ಲಿ ಆಡುಮಾತು ಇರ್ಬಹುದು, ಒಂದೋ ಎರಡೋ ಸಾಲು, ಅದಕ್ಕಿಂತ ಜಾಸ್ತಿ ಬೇಡ. ಇದೇ ಜಾಗದಲ್ಲಿ ಇನ್ನೊಂದು ಮಾತು ಹೇಳ್ಬೇಕು, ಮೇಷ್ಟ್ರುಗಳೂ ಇಲ್ಲಿ ಎಡವ್ತಾರೆ. ಊರ ಮಾತು ಬೇರೆ, ಸ್ಲ್ಯಾಂಗ್ ಬೇರೆ. ಧಾರವಾಡದ ಹುಡುಗಿ "ಭಾಳ ಚಲೋ ಆತು" ಅಂದ್ರೆ, ಕರಾವಳಿಯವಳು "ಎಂಥ ಮಾಡೂದು" ಅಂದ್ರೆ ಅದು ಅವರ ಮನೆ ಕನ್ನಡ, ತಲೆಮಾರುಗಳಿಂದ ಬಂದಿದ್ದು. ಲೇಖನದ ವಾಕ್ಯ ಬರಹದ ಕನ್ನಡದಲ್ಲಿ ಇರ್ಲಿ, ಆದ್ರೆ ಅಜ್ಜನೋ ಸರ್ರೋ ಮಾತಾಡಿದ್ದನ್ನ ಅವರ ಊರ ಮಾತಲ್ಲೇ ಬಿಡ್ಬೇಕು. ನೋ ಕ್ಯಾಪ್ ಜೊತೆ ಚಲೋನೂ ಸೇರಿಸಿ ಕೆಂಪು ಪೆನ್ನಲ್ಲಿ ಸುತ್ತಿದ್ರೆ ಆ ಮಗು ಮನೇಲಿ ಆಡೋ ಭಾಷೆನೇ ತಪ್ಪು ಅಂದ ಹಾಗಾಗುತ್ತೆ, ಅದು ನನಗೆ ಸಹಿಸೋಕಾಗಲ್ಲ.

ಕೊನೇ ಸಾಲಿನ ಫೋಟೋ ವಿಷಯ ನೀವು ಬರೆದಿದ್ದೇ, ಆದ್ರೆ "ಆದರೂ" ಅನ್ನೋದು ನನ್ನ ಜೋಡಣೆ, ಅವಳಿಗೆ ಬೇಡ ಅನ್ನಿಸಿದ್ರೆ ಬಸ್ಸಲ್ಲೇ ಮುಗಿಸಿ ಜಿಲ್ಲೆ ಸಾಲನ್ನ ಮೊದಲಿಗೇ ತರ್ಬಹುದು. ಮತ್ತೆ ನಾನು ಬರೆದಿದ್ದನ್ನ ಹಾಗೇ ಕೊಡ್ಬೇಡಿ, ಇದನ್ನ ಒಂದು ಸಲ ತೋರಿಸಿ, ಎತ್ತಿಟ್ಟು, ಅವಳೇ ಮೊದಲಿಂದ ಬರೀಲಿ. ಬರೆದಾದ್ಮೇಲೆ ನಿಮಗೆ ಜೋರಾಗಿ ಓದಿ ಹೇಳ್ಲಿ. ಓದ್ತಾ ಯಾವ ಪದದ ಹತ್ರ ದನಿ ಸಣ್ಣಗಾಗುತ್ತೋ, ಇಲ್ಲ ಭಾಷಣದ ಥರ ಎತ್ತರಕ್ಕೆ ಹೋಗುತ್ತೋ ಅಲ್ಲಿ ಅವಳದಲ್ಲದ ಪದ ಇದೆ ಅಂತ ಲೆಕ್ಕ, ಅದನ್ನ ತೆಗೆದು "ಇದನ್ನ ನೀನು ಹೇಗೆ ಹೇಳ್ತೀಯ" ಅಂತ ಕೇಳಿ. ಆಮೇಲೆ ಆ ಡೈವ್ ಹೊಡೆದ ಹುಡುಗಿಗೂ ಓದಿ ಹೇಳ್ಬೇಕು, ನಡೆದಿದ್ದು ಹೀಗೇನಾ, ಹೆಸರು ಹಾಕ್ಬಹುದಾ ಅಂತ. ಪಿಟಿ ಸರ್ ಕಣ್ಣು ಒರೆಸ್ಕೊಂಡ ಸಾಲನ್ನ ಅವರಿಗೂ ಮುಂಚೇನೇ ತೋರಿಸಿ, ಅವರು ಬೇಡ ಅಂದ್ರೆ ಕುರ್ಚಿ ಹತ್ತಿದ್ದು ಮಾತ್ರ ಇರ್ಲಿ.